ಹಿತ್ತಲ ಮೆಟ್ಟಿಲಿಗೆ ಎರಡು ಸಲ ತೇಪೆ

ತಿಪಟೂರಿನ ನಮ್ಮ ಮನೆಗೆ ಹಿತ್ತಲ ಕಡೆ ಎರಡು ಮೆಟ್ಟಿಲುಗಳಿವೆ. ಮೂವತ್ತು ವರ್ಷದ ಹಿಂದೆ ಹಾಕಿದ ಗಾರೆ ಮೆಟ್ಟಿಲು. ತೆಂಗಿನಕಾಯಿ ಒಡೆಯುವುದು, ಗ್ಯಾಸ್ ಸಿಲಿಂಡರ್ ಇಳಿಸುವುದು, ಸೌದೆ ಎತ್ತಿ ಹಾಕುವುದು, ಎಲ್ಲ ಅದರ ಮೇಲೇ. ಮೇಲಿನ ಮೆಟ್ಟಿಲಿನ ಅಂಚು ಮೊದಲು ಸ್ವಲ್ಪ ಕಿತ್ತು ಬಂತು. ಆಮೇಲೆ ಒಂದು ಮಳೆಗಾಲದಲ್ಲಿ ಇಪ್ಪತ್ತೆರಡು ಇಂಚು ಉದ್ದಕ್ಕೆ ಅಂಚೇ ಇಲ್ಲದಂತಾಯಿತು. ಬಾಗಿಲ ಮುಂದಿನ ನೆಲದಲ್ಲೂ ಒಂದು ಬಿರುಕು.  ಅಮ್ಮನಿಗೆ ಎಪ್ಪತ್ತಾಗಿದೆ. ಬೆಳಿಗ್ಗೆ ಕತ್ತಲಲ್ಲೇ ಹೂ ಕೀಳಲು ಇಳಿಯುತ್ತಾರೆ. ಒಂದು ದಿನ ಅವರ ಕಾಲು ಆ ಮುರಿದ ಅಂಚಿನಲ್ಲಿ ಜಾರಿತು. ಗೋಡೆ ಹಿಡಿದುಕೊಂಡದ್ದರಿಂದ ಬೀಳಲಿಲ್ಲ ಅಷ್ಟೇ.

ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲ. ಅರ್ಧ ದಿನದ ಕೆಲಸಕ್ಕೆ ಮೇಸ್ತ್ರಿ, ಕೈಯಾಳು ಇಬ್ಬರೂ ಬಂದು ಒಂದು ದಿನದ ಕೂಲಿ ಬಿಡಬೇಕು. ಅವರಿಗೂ ಕಷ್ಟ, ನಮಗೂ ಕಷ್ಟ. ಹಾಗಾಗಿ ನಾನೇ ಮಾಡಲು ಕೂತೆ. ಎರಡು ಸಲ ಮಾಡಿದೆ. ಮೊದಲ ಸಲದ್ದು ಎರಡೇ ತಿಂಗಳಿಗೆ ಕಿತ್ತು ಬಂತು. ಎರಡನೆಯದು ಒಂದು ಪೂರ್ತಿ ಮಳೆಗಾಲ ದಾಟಿ ನಿಂತಿದೆ. ಎರಡಕ್ಕೂ ಸಿಮೆಂಟು ಅದೇ, ಮರಳು ಅದೇ, ಹಳೇ ಗಾರೆಗೆ ಹೊಸ ಗಾರೆ ಅಂಟಲಿ ಅಂತ ಅಂಗಡಿಯಿಂದ ತಂದ ಬಾಂಡಿಂಗ್ ಏಜೆಂಟ್ ಕೂಡ ಅದೇ.

ಮೊದಲ ಸಲ ಮಾಡಿದ್ದು ಹೀಗೆ. ಮುರಿದ ಜಾಗವನ್ನು ತೆಂಗಿನ ಪೊರಕೆಯಿಂದ ಗುಡಿಸಿ ನೀರು ಹಾಕಿ ತೊಳೆದೆ. ಬಾಂಡಿಂಗ್ ಏಜೆಂಟ್ ಹಾಲಿನ ಹಾಗೆ ಬೆಳ್ಳಗೆ, ಸ್ವಲ್ಪ ದಪ್ಪಗಿರುತ್ತದೆ. ಅದನ್ನು ಬಣ್ಣಕ್ಕೆ ಮುಂಚೆ ಹೊಡೆಯುವ ಪ್ರೈಮರ್ ಇದ್ದ ಹಾಗೆ ಅಂದುಕೊಂಡೆ. ಸಂಜೆ ಬ್ರಷ್ಷಿನಲ್ಲಿ ಚೆನ್ನಾಗಿ ಬಳಿದು, ರಾತ್ರಿಯೆಲ್ಲ ಒಣಗಲು ಬಿಟ್ಟೆ. ಬೆಳಿಗ್ಗೆ ಗಾರೆ ಕಲಸಿ ಮೆತ್ತಿದೆ. ಸುತ್ತಲಿನ ಹಳೇ ನೆಲದ ಮೇಲಕ್ಕೂ ತೆಳ್ಳಗೆ ಎಳೆದು ಸವರಿದೆ, ಜೋಡಣೆ ಕಾಣಬಾರದು ಅಂತ. ಮೇಲೆ ಒಣ ಸಿಮೆಂಟು ಉದುರಿಸಿ ಕರಣೆಯಲ್ಲಿ ನುಣ್ಣಗೆ ತಿಕ್ಕಿದೆ. ನೋಡಲು ಹೊಸ ಮೆಟ್ಟಿಲಿನ ಹಾಗೇ ಇತ್ತು.

ಒಂದು ವಾರದಲ್ಲಿ ಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಕಂಡವು. ತಿಂಗಳಾದ ಮೇಲೆ ತೆಳುವಾಗಿ ಎಳೆದಿದ್ದ ಅಂಚುಗಳು ಹಪ್ಪಳದ ಹಾಗೆ ಎದ್ದವು. ಎರಡು ತಿಂಗಳಿಗೆ, ಸಿಲಿಂಡರ್ ಇಟ್ಟ ಏಟಿಗೆ, ಇಡೀ ತೇಪೆ ಒಂದೇ ತುಂಡಾಗಿ ಕೈಗೆ ಬಂತು.

ಆ ತುಂಡನ್ನು ತಿರುಗಿಸಿ ನೋಡಿದ್ದೇ ಒಳ್ಳೆಯದಾಯಿತು. ಅದರ ತಳ ನುಣುಪಾಗಿತ್ತು, ಬೆಳಕಿಗೆ ಹಿಡಿದರೆ ಮಿಂಚುತ್ತಿತ್ತು. ಹಳೇ ಗಾರೆಯ ಒಂದು ಚೂರೂ ಅಂಟಿಕೊಂಡಿರಲಿಲ್ಲ. ಮೆಟ್ಟಿಲಿನ ಕಡೆ ಉಗುರು ಹಾಕಿ ಕೆರೆದರೆ ಪಾರದರ್ಶಕವಾದ ಪೊರೆ ಎದ್ದು ಬಂತು. ಹಾಲಿನ ಕೆನೆ ಒಣಗಿದ ಹಾಗೆ, ಆದರೆ ರಬ್ಬರಿನಂತೆ ಎಳೆದರೆ ಹಿಗ್ಗುತ್ತಿತ್ತು.

ಪಕ್ಕದ ಬೀದಿಯಲ್ಲಿ ಒಬ್ಬ ಹಳೇ ಮೇಸ್ತ್ರಿ ಇದ್ದಾರೆ. ಈಗ ಕೆಲಸ ಬಿಟ್ಟಿದ್ದಾರೆ, ಮಂಡಿ ನೋವು. ತುಂಡನ್ನು ಅವರಿಗೆ ತೋರಿಸಿದೆ. ತಳವನ್ನು ಹೆಬ್ಬೆರಳಿನಲ್ಲಿ ಒಮ್ಮೆ ಸವರಿ, "ಕೆಮಿಕಲ್ ಒಣಗಿಸ್ಬಿಟ್ಟಿದ್ಯಲ್ಲಪ್ಪಾ" ಅಂದರು. "ಒಣಗಿದ್ರೆ ಅದು ಪ್ಲಾಸ್ಟಿಕ್ ಹಾಳೆ. ಹಾಳೆ ಮೇಲೆ ಗಾರೆ ಕೂರುತ್ತಾ?"

ಮನೆಗೆ ಬಂದು ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಪೂರ್ತಿ ಓದಿದೆ. ಅದು ಎಸ್‌ಬಿಆರ್ ಲೇಟೆಕ್ಸ್. ಅಂದರೆ ನೀರಿನಲ್ಲಿ ತೇಲುತ್ತಿರುವ ರಬ್ಬರಿನ ಅತಿ ಸಣ್ಣ ಕಣಗಳು. ನೀರು ಹೋದಾಗ ಕಣಗಳು ಒಂದಕ್ಕೊಂದು ಸೇರಿ ಪೊರೆ ಕಟ್ಟುತ್ತವೆ. ಸಿಮೆಂಟಿನ ಜೊತೆ ಬೆರೆತು, ಹಸಿಯಾಗಿರುವಾಗಲೇ ಹೊಸ ಗಾರೆ ಮೇಲೆ ಬಿದ್ದರೆ ಆ ಪೊರೆ ಎರಡೂ ಕಡೆಯ ರಂಧ್ರಗಳ ಒಳಗೆ ಹೊಕ್ಕು ಹಿಡಿದುಕೊಳ್ಳುತ್ತದೆ. ಮೊದಲೇ ಒಣಗಿದರೆ ಅದೇ ಪೊರೆ ಹಳೇದಕ್ಕೂ ಹೊಸದಕ್ಕೂ ನಡುವೆ ಅಡ್ಡ ನಿಲ್ಲುತ್ತದೆ. ಅಂಟಿಸಬೇಕಾದ ವಸ್ತುವೇ ಬಿಡಿಸುವ ವಸ್ತು ಆಗುತ್ತದೆ. ನಾನು ಏನೂ ಬಳಿಯದೆ ಬರೀ ಒದ್ದೆ ಮೆಟ್ಟಿಲಿಗೆ ಗಾರೆ ಮೆತ್ತಿದ್ದರೂ ಇದಕ್ಕಿಂತ ಜಾಸ್ತಿ ದಿನ ನಿಲ್ಲುತ್ತಿತ್ತೇನೋ.

ಇಲ್ಲೇ ಇನ್ನೊಂದು ಮಾತು. ಅಂಗಡಿಯಲ್ಲಿ ಬಡಗಿಗಳು ಮರಕ್ಕೆ ಹಾಕುವ ಬಿಳಿ ಅಂಟನ್ನೂ "ಇದೂ ಆಗುತ್ತೆ" ಅಂತ ಕೊಡುವುದುಂಟು. ನೋಡಲು ಎರಡೂ ಒಂದೇ ಥರ ಬೆಳ್ಳಗಿರುತ್ತವೆ. ಆ ಅಂಟು ನೀರು ತಾಕಿದರೆ ಮತ್ತೆ ಮೆತ್ತಗಾಗುತ್ತದೆ. ಮಳೆ ಬೀಳುವ ಮೆಟ್ಟಿಲು, ಬಚ್ಚಲು, ಪಾತ್ರೆ ತೊಳೆಯುವ ಕಟ್ಟೆಗೆ ಅದು ಬೇಡವೇ ಬೇಡ.

ಎರಡನೇ ಸಲ ಫೆಬ್ರವರಿಯಲ್ಲಿ ಶುರು ಮಾಡಿದೆ. ಮೇಸ್ತ್ರಿ ಕುರ್ಚಿ ಹಾಕಿಸಿಕೊಂಡು ಹಿತ್ತಲಲ್ಲಿ ಕೂತರು. ಕೆಲಸ ನನ್ನದು, ಕಣ್ಣು ಅವರದು.

ಅವರು ಮೊದಲು ಕೇಳಿದ್ದು ನೆಲದ ಬಿರುಕಿನ ಬಗ್ಗೆ. "ಬೆಳೀತಾ ಇದೆಯಾ, ನಿಂತಿದೆಯಾ?" ಅದೃಷ್ಟಕ್ಕೆ ನನ್ನ ಹತ್ತಿರ ಉತ್ತರ ಇತ್ತು. ನವೆಂಬರಿನಲ್ಲೇ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆದಿಟ್ಟಿದ್ದೆ. ಮೂರು ತಿಂಗಳಾದರೂ ಗೆರೆ ದಾಟಿರಲಿಲ್ಲ. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ತಗ್ಗಿಗೂ ಇಳಿದಿರಲಿಲ್ಲ. ಹಾಗಿದ್ದರೆ ತೇಪೆ ಹಾಕಬಹುದು ಅಂದರು. ಬಿರುಕು ಗೆರೆ ದಾಟಿ ಹೋಗುತ್ತಿದ್ದರೆ, ಅಥವಾ ಮೆಟ್ಟಿಲೇ ಗೋಡೆಯಿಂದ ಬಿಟ್ಟುಕೊಳ್ಳುತ್ತಿದ್ದರೆ, ಕೆಳಗಿನ ಮಣ್ಣು ಕುಸಿಯುತ್ತಿದೆ ಅಂತ ಅರ್ಥ. ಆಗ ಎಂಥ ಗಾರೆ ಹಾಕಿದರೂ ಅದೇ ಜಾಗದಲ್ಲಿ ಮತ್ತೆ ಬಿಡುತ್ತದೆ. ಮೊದಲು ಮಣ್ಣಿನ ಕೆಲಸ ಆಗಬೇಕು.

ಆಮೇಲೆ ಸುತ್ತಿಗೆ ಕೈಗೆ ಕೊಟ್ಟು ನೆಲ ಬಡಿಯಲು ಹೇಳಿದರು. ಜೋರಾಗಿ ಅಲ್ಲ, ಬಾಗಿಲು ತಟ್ಟಿದ ಹಾಗೆ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ, ಪೊಳ್ಳು ಇರುವ ಕಡೆ ಡಬ್ ಅನ್ನುತ್ತದೆ. ಸದ್ದು ಬದಲಾದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದೆ. ಕಣ್ಣಿಗೆ ಕಾಣುತ್ತಿದ್ದುದು ಒಂದು ಬಿರುಕು ಮಾತ್ರ. ಕಿವಿಗೆ ಸಿಕ್ಕಿದ್ದು ಇಪ್ಪತ್ತೆರಡು ಇಂಚು ಉದ್ದ, ಹದಿನಾರು ಇಂಚು ಅಗಲದ ಪೊಳ್ಳು. ಬರೀ ಬಿರುಕಿಗೆ ಗಾರೆ ತುಂಬಿದ್ದರೆ ಅಕ್ಕಪಕ್ಕದ್ದೆಲ್ಲ ಸಡಿಲವಾಗೇ ಉಳಿಯುತ್ತಿತ್ತು.

ಗುರುತಿನ ಹೊರಗೆ ಒಂದು ಇಂಚು ಬಿಟ್ಟು, ಬಾಡಿಗೆಗೆ ತಂದ ಕಟಿಂಗ್ ಮೆಷಿನ್ನಿನಲ್ಲಿ ಅರ್ಧ ಇಂಚು ಆಳಕ್ಕೆ ನೇರವಾಗಿ ಗೆರೆ ಕೊಯ್ದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಎರಡೂ ಬೇಕೇ ಬೇಕು, ಆ ಧೂಳು ಬಹಳ ಕೆಟ್ಟದ್ದು. ಕೊಯ್ಯುವ ಉದ್ದೇಶ ಅಂದ ಅಲ್ಲ. ತೇಪೆಯ ಅಂಚು ಪೆಟ್ಟಿಗೆಯ ಗೋಡೆಯ ಹಾಗೆ ನೆಟ್ಟಗೆ ಇಳಿಯಬೇಕು. ಆಗ ಗಾರೆ ಅಂಚಿನಲ್ಲೂ ಅರ್ಧ ಇಂಚು ದಪ್ಪ ಇರುತ್ತದೆ. ಮೊದಲ ಸಲ ನಾನು ಎಳೆದು ಸವರಿದ ತೆಳು ಅಂಚು ಕಾಗದದಷ್ಟೇ ದಪ್ಪ ಇತ್ತು. ಅಷ್ಟು ತೆಳುವಾದ ಗಾರೆಯ ನೀರನ್ನು ಹಳೇ ನೆಲ, ಬಿಸಿಲು ಎರಡೂ ಹೀರಿಬಿಡುತ್ತವೆ. ಸಿಮೆಂಟು ಗಟ್ಟಿಯಾಗುವ ಮುಂಚೆಯೇ ಒಣಗಿ ಪುಡಿಯಾಗುತ್ತದೆ.

ಗೆರೆಯ ಒಳಗಿನ ಸಡಿಲ ಗಾರೆಯನ್ನೆಲ್ಲ ಉಳಿ, ಸುತ್ತಿಗೆಯಲ್ಲಿ ಕಿತ್ತೆ. ಮೆಟ್ಟಿಲಿನ ಅಂಚಿನಲ್ಲಿ ಕೀಳುವಾಗ ಎರಡು ಮೊಳೆ ಸಿಕ್ಕವು. ಹಿಂದೆ ಯಾವಾಗಲೋ ಯಾರೋ ಗಾರೆ ಹಿಡಿಯಲಿ ಅಂತ ಮೊಳೆ ಹೊಡೆದು ಮೇಲೆ ಮೆತ್ತಿದ್ದರು. ಮೊಳೆಗಳು ತುಕ್ಕು ಹಿಡಿದು ಬೆರಳಿನಷ್ಟು ಊದಿದ್ದವು, ಸುತ್ತಲ ಗಾರೆ ಕಂದು ಬಣ್ಣಕ್ಕೆ ತಿರುಗಿ ಹೂವಿನೆಸಳಿನ ಹಾಗೆ ಬಿರಿದಿತ್ತು. ತುಕ್ಕು ಕಬ್ಬಿಣಕ್ಕಿಂತ ಜಾಗ ಜಾಸ್ತಿ ಕೇಳುತ್ತದೆ. ಹಾಗೆ ಊದಿಕೊಂಡು ಒಳಗಿನಿಂದಲೇ ಅಂಚನ್ನು ಒಡೆದಿತ್ತು. ತೆಂಗಿನಕಾಯಿ ಏಟಿಗೆ ಒಡೆಯಿತು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆವು. ಎರಡೂ ಮೊಳೆಗಳನ್ನು ಕಿತ್ತು ಹಾಕಿದೆ.

ಹಳೇ ಪೊರೆಯನ್ನು ತಂತಿ ಬ್ರಷ್ಷಿನಲ್ಲಿ ತಿಕ್ಕಿದರೂ ಹೋಗಲಿಲ್ಲ. ಉಳಿಯಲ್ಲಿ ಮೇಲ್ಪದರವನ್ನೇ ಕಚ್ಚು ಕಚ್ಚಾಗಿ ಕೆತ್ತಿ ತೆಗೆಯಬೇಕಾಯಿತು. ಒಂದೂವರೆ ಗಂಟೆ ಹಿಡಿಯಿತು. ಕೊನೆಗೆ ಎಲ್ಲ ಕಡೆ ಒರಟಾದ, ಮರಳು ಕಾಣುವ ಗಟ್ಟಿ ಗಾರೆ ಸಿಕ್ಕಿತು. ಧೂಳು ಗುಡಿಸಿ, ಬಕೆಟ್ ನೀರಿನಲ್ಲಿ ತೊಳೆದು, ಒದ್ದೆ ಗೋಣಿಚೀಲ ಹೊದಿಸಿ ರಾತ್ರಿ ಬಿಟ್ಟೆವು. ಒಣ ಗಾರೆ ಬಿಸಿಲಿನಲ್ಲಿ ಬಾಯಾರಿದ ನೆಲದ ಹಾಗೆ, ಹೊಸ ಗಾರೆಯ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಅದಕ್ಕೆ ಹಿಂದಿನ ದಿನವೇ ಕುಡಿಸಿಬಿಡಬೇಕು.

ಎಷ್ಟು ಸಾಮಾನು ಬೇಕು ಅಂತ ಲೆಕ್ಕ ಹಾಕಿದ್ದು ಲೀಟರ್ ಡಬ್ಬಿಯಲ್ಲಿ. ಮೆಟ್ಟಿಲಿನ ಅಂಚು ಇಪ್ಪತ್ತೆರಡು ಇಂಚು ಉದ್ದ, ಐದು ಇಂಚು ಅಗಲ, ಒಂದೂವರೆ ಇಂಚು ಆಳ. ಅದು ಹೆಚ್ಚುಕಡಿಮೆ 2.7 ಲೀಟರ್. ನೆಲದ್ದು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಮುಕ್ಕಾಲು ಇಂಚು ಆಳ, 5.3 ಲೀಟರ್. ಒಟ್ಟು ಎಂಟು ಲೀಟರ್. ಒಂದು ಡಬ್ಬಿ ಸಿಮೆಂಟಿಗೆ ಮೂರು ಡಬ್ಬಿ ಮರಳು ಹಾಕಿ ಕಲಸಿದರೆ ನಾಲ್ಕು ಡಬ್ಬಿ ಗಾರೆ ಆಗುವುದಿಲ್ಲ. ಮರಳಿನ ಸಂದಿಗೆ ಸಿಮೆಂಟು ಇಳಿದು ಮೂರು ಡಬ್ಬಿಯಷ್ಟೇ ಆಗುತ್ತದೆ. ಹಾಗಾಗಿ ಮೆಟ್ಟಿಲಿಗೆ ಒಂದು ಕಲಸು, ನೆಲಕ್ಕೆ ಎರಡು ಕಲಸು. ಐದು ಕೆಜಿ ಬಿಡಿ ಸಿಮೆಂಟು, ಒಂಬತ್ತು ಲೀಟರ್ ಎಂ-ಸ್ಯಾಂಡ್, ಒಂದು ಲೀಟರಿನ ಬಾಟಲಿ. ಅಷ್ಟರಲ್ಲೇ ಮುಗಿಯಿತು.

ಬಿಡಿ ಸಿಮೆಂಟು ತರುವಾಗ ಹಿಡಿಯಲ್ಲಿ ಹಿಂಡಿ ನೋಡಬೇಕು. ಉಂಡೆ ಸಿಕ್ಕಿ, ಅದು ಬೆರಳಿನಲ್ಲಿ ಪುಡಿಯಾಗದಿದ್ದರೆ ಆ ಚೀಲ ತೇವ ಕುಡಿದಾಗಿದೆ, ಬೇಡ. ಮರಳನ್ನು ಜರಡಿ ಹಿಡಿದು, ನೆರಳಿನಲ್ಲಿ ಒಣಗಿಸಿಕೊಂಡೆ. ತೇವದ ಮರಳು ಉಬ್ಬಿಕೊಂಡು ಡಬ್ಬಿ ಲೆಕ್ಕ ತಪ್ಪಿಸುತ್ತದೆ, ಜೊತೆಗೆ ನೀರನ್ನೂ ಕದ್ದು ತರುತ್ತದೆ.

ಬೆಳಿಗ್ಗೆ ಏಳಕ್ಕೆ ಶುರು. ಬಿಸಿಲು ಏರುವ ಮುಂಚೆ ಮೆಟ್ಟಿಲು ಮುಗಿಯಬೇಕು ಅಂತ ಮೇಸ್ತ್ರಿ ಆಜ್ಞೆ. ಮೆಟ್ಟಿಲಿನ ಮುಂಭಾಗಕ್ಕೆ ಒಂದು ಹಲಗೆ ನಿಲ್ಲಿಸಿ, ಹಿಂದೆ ಇಟ್ಟಿಗೆ ಒತ್ತಿದೆ. ಹಲಗೆಯ ಒಳಮೈಗೆ ಎಣ್ಣೆ ಸವರಿದೆ, ಗಾರೆ ಅಂಟಬಾರದಲ್ಲ. ಆ ಎಣ್ಣೆ ಹಳೇ ಗಾರೆಗೆ ತಾಗದ ಹಾಗೆ ನೋಡಿಕೊಳ್ಳಬೇಕು. ಗೋಣಿಚೀಲ ತೆಗೆದಾಗ ಹಳ್ಳದಲ್ಲಿ ನಿಂತಿದ್ದ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆದೆ. ಗಾರೆ ಕಪ್ಪಗೆ ಒದ್ದೆಯಾಗಿರಬೇಕು, ಆದರೆ ಮೇಲೆ ನೀರು ಹೊಳೆಯಬಾರದು. ಹೊಳೆದರೆ ಗಾರೆ ಮೆತ್ತುವ ಮುಂಚೆ ಬಳಿಯುವ ಸಿಮೆಂಟ್ ಹಾಲು ತೆಳುವಾಗಿ ಹಿಡಿತ ಕಡಿಮೆಯಾಗುತ್ತದೆ.

ಮೊದಲು ಗಾರೆ ಕಲಸಿ ಇಟ್ಟುಕೊಳ್ಳಬೇಕು, ಆಮೇಲೆ ಬಳಿಯಬೇಕು. ಈ ಕ್ರಮ ತಿರುಗುಮುರುಗಾದರೆ ಕಲಸುವಷ್ಟರಲ್ಲಿ ಬಳಿದದ್ದು ಒಣಗುತ್ತದೆ. ಬಾಂಡ್ಲಿಯಲ್ಲಿ ಒಂದು ಡಬ್ಬಿ ಸಿಮೆಂಟು, ಮೂರು ಡಬ್ಬಿ ಮರಳನ್ನು ಒಣದಾಗಿಯೇ ಒಂದು ಬಣ್ಣ ಬರುವವರೆಗೆ ಕಲಸಿದೆ. ಇನ್ನೊಂದು ಚೊಂಬಿನಲ್ಲಿ 250 ಮಿಲಿ ಬಾಂಡಿಂಗ್ ಏಜೆಂಟ್, 350 ಮಿಲಿ ನೀರು. ಬಾಟಲಿಯ ಮೇಲಿನ ಅಳತೆ ಒಂದೊಂದು ಕಂಪನಿಗೆ ಒಂದೊಂದು ಥರ ಇರುತ್ತದೆ, ನಿಮ್ಮ ಬಾಟಲಿಯದ್ದನ್ನೇ ನೋಡಿ. ಸ್ವಲ್ಪ ಸ್ವಲ್ಪ ಸುರಿದು ಕಲಸುತ್ತಾ ಹೋದೆ. ಮೊದಲು ಉದುರುದುರಾಗಿತ್ತು. ನನಗೆ ನೀರು ಸಾಲದು ಅನ್ನಿಸಿ ಕೈ ಚೊಂಬಿಗೆ ಹೋಯಿತು. "ಇನ್ನೂ ಕಲಸು, ನೀರು ಬೇಡ" ಅಂದರು ಮೇಸ್ತ್ರಿ. ಎರಡು ನಿಮಿಷ ಕಲಸಿದ ಮೇಲೆ ತಾನೇ ಮೆತ್ತಗಾಯಿತು. ಬಾಂಡಿಂಗ್ ಏಜೆಂಟ್ ಗಾರೆಯನ್ನು ಜಾರುವಂತೆ ಮಾಡುತ್ತದೆ, ನೀರು ಕಡಿಮೆ ಸಾಕು. ಹಿಡಿಯಲ್ಲಿ ಉಂಡೆ ಕಟ್ಟಿದರೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಸೋರಬಾರದು. ಅದೇ ಹದ.

ಈಗ ಬಳಿಯುವ ಹಾಲು. 100 ಮಿಲಿ ಬಾಂಡಿಂಗ್ ಏಜೆಂಟ್, 100 ಮಿಲಿ ನೀರು, ಅದಕ್ಕೆ ಸಿಮೆಂಟು ಸೇರಿಸುತ್ತಾ ಗಂಟಿಲ್ಲದ ಹಾಗೆ ಕಲಕಿದೆ. ನೀರುದೋಸೆ ಹಿಟ್ಟಿಗಿಂತ ತುಸು ದಪ್ಪ ಬಂದಾಗ ನಿಲ್ಲಿಸಿದೆ. ಬಳಿಯುವುದು ಅಂದರೆ ಬಣ್ಣ ಹೊಡೆದ ಹಾಗಲ್ಲ. ಗಿಡ್ಡ, ಗಡುಸು ಬ್ರಷ್ಷಿನಲ್ಲಿ ಪಾತ್ರೆ ತಿಕ್ಕುವ ಹಾಗೆ ಗುಂಡಿ ಗುಂಡಿಗೂ ಒತ್ತಿ ತಿಕ್ಕಬೇಕು. ನೆಟ್ಟಗೆ ಕೊಯ್ದ ಅಂಚುಗಳಿಗೂ ತಿಕ್ಕಬೇಕು. ಆಮೇಲೆ ಬೆರಳಿಟ್ಟು ನೋಡುತ್ತಿರಬೇಕು. ಬೆರಳಿಗೆ ಅಂಟಿ, ಎತ್ತಿದಾಗ ಸಣ್ಣಗೆ ಎಳೆದರೆ ಸರಿ. ಒಣಗಿ ಬೆರಳಿಗೆ ಏನೂ ಅಂಟದಿದ್ದರೆ ಕೆಲಸ ಕೆಟ್ಟ ಹಾಗೆ. ಅದರ ಮೇಲೆ ಇನ್ನೊಂದು ಕೈ ಬಳಿದು ಮುಚ್ಚುವುದಲ್ಲ, ಕೆರೆದು ತೆಗೆದು ಮತ್ತೆ ಶುರು ಮಾಡಬೇಕು.

ಈ ಮಾತು ಅವತ್ತೇ ಉಪಯೋಗಕ್ಕೆ ಬಂತು. ಮೆಟ್ಟಿಲು ಮುಗಿಸಿ ನೆಲಕ್ಕೆ ಬರುವಷ್ಟರಲ್ಲಿ ಒಂಬತ್ತೂವರೆ. ಮೂರು ಚದರ ಅಡಿಗೂ ಒಂದೇ ಸಲ ಬಳಿದೆ. ಒಂದು ಕಡೆಯಿಂದ ಗಾರೆ ತುಂಬುತ್ತಾ ಬಂದಾಗ ಬಿಸಿಲು ಬಿದ್ದಿದ್ದ ಮೂಲೆ ಬೆಳ್ಳಗೆ ತಿರುಗಿತ್ತು. ಬೆರಳಿಟ್ಟೆ, ಅಂಟಲಿಲ್ಲ. ಹತ್ತೇ ನಿಮಿಷ ಆಗಿತ್ತು. ತಂತಿ ಬ್ರಷ್ಷಿನಲ್ಲಿ ಅಷ್ಟು ಜಾಗ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸದಾಗಿ ಬಳಿದು, ಅಮ್ಮನ ಹತ್ತಿರ ಕೊಡೆ ಹಿಡಿಸಿ ಮುಗಿಸಿದೆ. ಎರಡು ಮೂರು ತಾಸಿನ ಹಿಂದೆ ಆಗಿದ್ದರೆ ಅದೇ ಹಾಲು ಅರ್ಧ ಗಂಟೆ ಹಸಿಯಾಗಿರುತ್ತಿತ್ತು. ಬಿಸಿಲು, ಗಾಳಿ ಎರಡೂ ಇದ್ದರೆ ಗಡಿಯಾರ ನಂಬಬಾರದು, ಬೆರಳನ್ನೇ ನಂಬಬೇಕು.

ಮೆಟ್ಟಿಲಿನ ಅಂಚು ಒಂದೂವರೆ ಇಂಚು ದಪ್ಪ ಇದ್ದುದರಿಂದ ಎರಡು ಪದರ ಹಾಕಿದೆವು. ಮೊದಲ ಮುಕ್ಕಾಲು ಇಂಚನ್ನು ಕರಣೆಯ ತುದಿಯಲ್ಲಿ ಮೂಲೆ ಮೂಲೆಗೂ ಒತ್ತಿ ತುಂಬಿ, ಮೇಲೆ ಅಡ್ಡಾದಿಡ್ಡಿ ಗೀರು ಹಾಕಿದೆ. ಅದು ಬೆರಳಿಗೆ ಬಿಗಿಯಾದ ಕೂಡಲೇ, ಒಣಗಲು ಬಿಡದೆ, ಎರಡನೆಯದು. ಒಂದೇ ಸಲ ದಪ್ಪಕ್ಕೆ ಹಾಕಿದ್ದರೆ ತನ್ನ ಭಾರಕ್ಕೆ ಹಲಗೆ ಕಡೆ ಜಗ್ಗಿ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಮಟ್ಟಗೋಲನ್ನು ಹಳೇ ಮೆಟ್ಟಿಲಿನ ಎರಡೂ ತುದಿಗೆ ಆನಿಸಿ ಎಳೆದಾಗ ಎತ್ತರ ತಾನೇ ಸರಿಹೋಯಿತು. ನೀರು ಹೊರಗೆ ಹರಿಯಲು ಹಳೇ ಇಳಿಜಾರು ಇತ್ತು, ಅದನ್ನೇ ಹಿಡಿದೆವು.

ಮೂಲೆಯನ್ನು ಚೂಪಾಗಿ ಬಿಡಬೇಡ ಅಂದರು. ಒಂದು ಪಿವಿಸಿ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಅದರ ಒಳಬಾಗಿನಿಂದ ಅಂಚನ್ನು ಸವರಿ ಗುಂಡಗೆ ಮಾಡಿಸಿದರು. ಚೂಪು ಅಂಚಿಗೆ ಸಿಲಿಂಡರ್ ತಗುಲಿದರೆ ಅಲ್ಲೇ ಹಾರುತ್ತದೆ, ಗುಂಡಗಿದ್ದರೆ ಏಟು ಹರಡಿಕೊಳ್ಳುತ್ತದೆ. ಹಲಗೆ ಮರುದಿನ ತೆಗೆದೆವು.

ಮೇಲ್ಮೈಗೆ ಮರದ ಉಜ್ಜುಮಣೆ ಅಷ್ಟೇ. ಒಣ ಸಿಮೆಂಟು ಉದುರಿಸಲು ಬಿಡಲಿಲ್ಲ. ಉದುರಿಸಿದ ಸಿಮೆಂಟು ಮೇಲೆ ಮಾತ್ರ ಗಟ್ಟಿಯಾದ ತೆಳು ಸಿಪ್ಪೆ ಆಗುತ್ತದೆ. ಅದು ಒಳಗಿನ ಗಾರೆಗಿಂತ ಜಾಸ್ತಿ ಕುಗ್ಗುತ್ತದೆ. ಮೊದಲ ಸಲ ಕಂಡ ಜೇಡರ ಬಲೆ ಅದೇ. ಕೊನೆಗೆ ಮೆತ್ತನೆ ಪೊರಕೆಯನ್ನು ಒಂದೇ ದಿಕ್ಕಿಗೆ ಎಳೆದು ಸಣ್ಣ ಗೆರೆ ಮೂಡಿಸಿದೆ. ಅಮ್ಮನ ಒದ್ದೆ ಕಾಲಿಗೆ ಅದು ಬೇಕಿತ್ತು.

ನೀರು ಹಾಕುವ ವಿಷಯದಲ್ಲಿ ಮೇಸ್ತ್ರಿಗೂ ಬಾಟಲಿಗೂ ಜಗಳ. ಅವರು ಏಳು ದಿನ ಅಂದರು. ಬಾಟಲಿಯ ಮೇಲೆ ಎರಡು ದಿನ ಒದ್ದೆ ಇಟ್ಟು ಆಮೇಲೆ ಒಣಗಲು ಬಿಡಿ ಅಂತಿತ್ತು. ಬರೀ ಸಿಮೆಂಟು ಮರಳಾಗಿದ್ದರೆ ಅವರ ಮಾತೇ ಸರಿ. ಆದರೆ ಒಳಗೆ ರಬ್ಬರ್ ಇದೆ. ಸಿಮೆಂಟಿಗೆ ನೀರು ಬೇಕು, ರಬ್ಬರಿನ ಕಣಗಳು ಕೂಡಿಕೊಳ್ಳಲು ನೀರು ಹೋಗಬೇಕು. ಹೀಗೆ ಅಂತ ಹೇಳಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಎರಡು ದಿನ ಗೋಣಿ ಒಣಗೋಕೇ ಬಿಡ್ಬೇಡ" ಅಂದರು. ಹಾಗೇ ಮಾಡಿದೆ. ಗೋಣಿಚೀಲದ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಇಟ್ಟಿಗೆ ಇಟ್ಟೆ. ಮೂರನೇ ದಿನ ತೆಗೆದು ನೆರಳಿನಲ್ಲಿ ಬಿಟ್ಟೆ. ಒಂದು ವಾರ ಎಲ್ಲರೂ ಮುಂಬಾಗಿಲಲ್ಲೇ ಓಡಾಡಿದೆವು. ಸಿಲಿಂಡರ್ ಇಳಿಸಿದ್ದು ತಿಂಗಳಾದ ಮೇಲೆ.

ದಸರಾ ರಜೆಯಲ್ಲಿ, ಮಳೆ ನಿಂತ ಮೇಲೆ, ಮತ್ತೆ ಸುತ್ತಿಗೆ ಹಿಡಿದು ಕೂತೆ. ಮೆಟ್ಟಿಲಿನ ಅಂಚು ಈ ತುದಿಯಿಂದ ಆ ತುದಿಗೂ ಟಣ್. ನೆಲದಲ್ಲಿ ಹೊಸದೂ ಹಳೇದೂ ಸೇರುವ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಗೆರೆ ಬಿಟ್ಟಿದೆ, ಆದರೆ ಅದರ ಎರಡೂ ಕಡೆ ಸದ್ದು ಗಟ್ಟಿ. ಬಿಸಿಲಿನಲ್ಲಿ ಒಣಗಿ ಕೆರೆದು ಮತ್ತೆ ಬಳಿದಿದ್ದ ಮೂಲೆಯನ್ನು ಎರಡು ಸಲ ಬಡಿದು ನೋಡಿದೆ, ಅಲ್ಲೂ ಟಣ್. ಆ ಕೂದಲೆಳೆ ಗೆರೆಯ ತುದಿಗೆ ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಎಳೆದು ತಾರೀಖು ಬರೆದಿದ್ದೇನೆ.